ಆದಾಯ 50 ಲಕ್ಷ ದಾಟಿದಾಗ ಸರ್ಚಾರ್ಜ್ ಮತ್ತು ಮಾರ್ಜಿನಲ್ ರಿಲೀಫ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಲೆಕ್ಕವೆಲ್ಲ 2025-26ರ ಹಣಕಾಸು ವರ್ಷದ್ದು. ಬೇರೆ ಹೇಳದ ಕಡೆ ಹೊಸ ತೆರಿಗೆ ಪದ್ಧತಿಯ ಸ್ಲ್ಯಾಬ್‌ಗಳನ್ನೇ ಹಿಡಿದಿದ್ದೇನೆ. 50 ಲಕ್ಷದ ಗಡಿಯ ಬಗ್ಗೆ ಜಾಸ್ತಿ ಬರೆದಿದ್ದೇನೆ, ಏಕೆಂದರೆ ಸಂಬಳದವರು ಹೆಚ್ಚಾಗಿ ಎಡವುವುದು ಅಲ್ಲೇ.

ಪ್ರ: ಸಂಬಳ ಜಾಸ್ತಿಯಾಗಿ 50 ಲಕ್ಷ ದಾಟಿದರೆ ಒಂದೇ ಸಲ ಲಕ್ಷಗಟ್ಟಲೆ ತೆರಿಗೆ ಬೀಳುತ್ತದಂತೆ. ನಿಜವೇ?

ಅರ್ಧ ನಿಜ. ಒಟ್ಟು ಆದಾಯ 50 ಲಕ್ಷ ದಾಟಿದ ಕೂಡಲೇ ತೆರಿಗೆಯ ಮೇಲೆ 10% ಸರ್ಚಾರ್ಜ್ ಬರುತ್ತದೆ. ಇದು ಸ್ಲ್ಯಾಬ್‌ನಂತೆ ಕೆಲಸ ಮಾಡುವುದಿಲ್ಲ. ಸ್ಲ್ಯಾಬ್ ಬದಲಾದರೆ ಹೊಸ ದರ ದಾಟಿದ ಹಣಕ್ಕೆ ಮಾತ್ರ. ಸರ್ಚಾರ್ಜ್ ಹಾಗಲ್ಲ, ಮೊದಲ ರೂಪಾಯಿಯಿಂದ ಲೆಕ್ಕ ಹಾಕಿದ ಪೂರ್ತಿ ತೆರಿಗೆಯ ಮೇಲೆ ಬೀಳುತ್ತದೆ.

50 ಲಕ್ಷ ಆದಾಯಕ್ಕೆ ತೆರಿಗೆ ಎಷ್ಟು ನೋಡಿ. ಮೊದಲ 24 ಲಕ್ಷಕ್ಕೆ ಎಲ್ಲ ಸ್ಲ್ಯಾಬ್ ಸೇರಿ 3,00,000 ರೂಪಾಯಿ. ಉಳಿದ 26 ಲಕ್ಷಕ್ಕೆ 30% ಅಂದರೆ 7,80,000. ಒಟ್ಟು 10,80,000. ಈಗ ಆದಾಯ 50,00,010 ಆಯಿತು ಅಂದುಕೊಳ್ಳಿ. ಹತ್ತೇ ರೂಪಾಯಿ ಜಾಸ್ತಿ. ಆದರೆ ಸರ್ಚಾರ್ಜ್ 1,08,000 ರೂಪಾಯಿ! ಹತ್ತು ರೂಪಾಯಿ ಗಳಿಸಿದ್ದಕ್ಕೆ ಲಕ್ಷ ಕಟ್ಟು ಅನ್ನುವುದು ಯಾವ ನ್ಯಾಯ? ಹೀಗಾಗಬಾರದು ಅಂತಲೇ ಕಾನೂನಿನಲ್ಲಿ ಮಾರ್ಜಿನಲ್ ರಿಲೀಫ್ ಇಟ್ಟಿದ್ದಾರೆ. ಅದನ್ನು ಕಳೆದ ಮೇಲೆ ಈ ವ್ಯಕ್ತಿ ಕಟ್ಟಬೇಕಾದ ಹೆಚ್ಚುವರಿ ತೆರಿಗೆ, ಸೆಸ್ ಬಿಟ್ಟು, ಹತ್ತೇ ರೂಪಾಯಿ.

ಪ್ರ: ರಿಲೀಫ್ ನಿಯಮ ಏನು ಹೇಳುತ್ತದೆ?

ಆದಾಯ ಗಡಿಯನ್ನು ಎಷ್ಟು ದಾಟಿದೆಯೋ, ತೆರಿಗೆ ಮತ್ತು ಸರ್ಚಾರ್ಜ್ ಸೇರಿ ಅದಕ್ಕಿಂತ ಜಾಸ್ತಿ ಏರಬಾರದು. ಇಷ್ಟೇ ನಿಯಮ. ಏರಿದರೆ, ಹೆಚ್ಚಾದ ಭಾಗವನ್ನು ಸರ್ಚಾರ್ಜ್‌ನಿಂದ ಕಳೆಯಬೇಕು. ಆ ಕಳೆದ ಮೊತ್ತವೇ ಮಾರ್ಜಿನಲ್ ರಿಲೀಫ್.

ಆದಾಯ 51 ಲಕ್ಷ ಇದ್ದರೆ ಲೆಕ್ಕ ಹೀಗೆ ನಡೆಯುತ್ತದೆ. ತೆರಿಗೆ 11,10,000. ಅದರ 10% ಸರ್ಚಾರ್ಜ್ 1,11,000. ಎರಡೂ ಸೇರಿ 12,21,000. 50 ಲಕ್ಷಕ್ಕೆ ತೆರಿಗೆ 10,80,000 ಇತ್ತು, ಆದಾಯ ಅದಕ್ಕಿಂತ ಒಂದು ಲಕ್ಷ ಮುಂದಿದೆ. ಆದ್ದರಿಂದ ಮಿತಿ 11,80,000. ನಮ್ಮ ಲೆಕ್ಕ ಈ ಮಿತಿಯನ್ನು 41,000 ದಾಟಿದೆ. ಆ 41,000 ರಿಲೀಫ್. ಸರ್ಚಾರ್ಜ್ 1,11,000 ಇದ್ದದ್ದು 70,000ಕ್ಕೆ ಇಳಿಯಿತು.

ಸ್ಪ್ರೆಡ್‌ಶೀಟ್‌ನಲ್ಲಿ ನೋಡಬೇಕೆಂದರೆ, A1ರಲ್ಲಿ ಒಟ್ಟು ಆದಾಯ, B1ರಲ್ಲಿ ಸರ್ಚಾರ್ಜ್ ಸೇರದ ತೆರಿಗೆ ಹಾಕಿ ಈ ಸೂತ್ರ ಕೊಡಿ. ರಿಲೀಫ್ ಎಷ್ಟು ಅಂತ ಬರುತ್ತದೆ. ಆದಾಯ 50 ಲಕ್ಷ ದಾಟಿ 1 ಕೋಟಿಯೊಳಗೆ ಇದ್ದರೆ ಮಾತ್ರ ಇದು ಸರಿ:

```
=MAX(0, B1*1.1 - 1080000 - (A1-5000000))
```

ಪ್ರ: ಹಾಗಾದರೆ ಹೆಚ್ಚುವರಿ ಆದಾಯಕ್ಕಿಂತ ಹೆಚ್ಚುವರಿ ತೆರಿಗೆ ಎಂದೂ ಜಾಸ್ತಿಯಾಗುವುದಿಲ್ಲ ಅಲ್ವಾ?

ಸೆಸ್ ಬಿಟ್ಟು ನೋಡಿದರೆ ಹೌದು. ಸೆಸ್ ಸೇರಿಸಿದರೆ ಇಲ್ಲ. ಈ ವಿಷಯವನ್ನು ಹೇಳುವವರು ಕಡಿಮೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಆರೋಗ್ಯ ಮತ್ತು ಶಿಕ್ಷಣ ಸೆಸ್ 4%. ಅದನ್ನು ಹಾಕುವುದು ರಿಲೀಫ್ ಕಳೆದ ಮೇಲೆ ಉಳಿದ ತೆರಿಗೆ ಮತ್ತು ಸರ್ಚಾರ್ಜ್ ಮೇಲೆ. ಸೆಸ್‌ಗೆ ಪ್ರತ್ಯೇಕ ರಿಲೀಫ್ ಇಲ್ಲ. ಮೇಲಿನ ಉದಾಹರಣೆಯಲ್ಲಿ 11,80,000ದ 4% ಅಂದರೆ 47,200. ಒಟ್ಟು ಕಟ್ಟಬೇಕಾದದ್ದು 12,27,200. ಆದಾಯ ಸರಿಯಾಗಿ 50 ಲಕ್ಷ ಇದ್ದಿದ್ದರೆ 10,80,000ಕ್ಕೆ 43,200 ಸೆಸ್ ಸೇರಿ 11,23,200 ಆಗುತ್ತಿತ್ತು. ವ್ಯತ್ಯಾಸ 1,04,000. ಒಂದು ಲಕ್ಷ ಜಾಸ್ತಿ ಗಳಿಸಿದವರು ಒಂದು ಲಕ್ಷದ ನಾಲ್ಕು ಸಾವಿರ ಜಾಸ್ತಿ ಕಟ್ಟುತ್ತಾರೆ. ಕೈಯಲ್ಲಿ ಉಳಿಯುವ ಹಣ 4,000 ಕಡಿಮೆ.

ಅಂದರೆ ರಿಲೀಫ್ ನಡೆಯುವಷ್ಟು ದೂರವೂ ಪ್ರತಿ ಹೆಚ್ಚುವರಿ ನೂರು ರೂಪಾಯಿಗೆ 104 ರೂಪಾಯಿ ಹೋಗುತ್ತದೆ. ನಷ್ಟ ದೊಡ್ಡದಲ್ಲ, ಹೆಚ್ಚೆಂದರೆ ಆರೂವರೆ ಸಾವಿರದ ಹತ್ತಿರ. ಆದರೆ ಲಾಭವೂ ಇಲ್ಲ ಅನ್ನುವುದು ಗೊತ್ತಿರಬೇಕು.

ಪ್ರ: ಈ ರಿಲೀಫ್ ಎಲ್ಲಿಯವರೆಗೆ ಸಿಗುತ್ತದೆ?

50 ಲಕ್ಷದ ಗಡಿಯಲ್ಲಿ ಸುಮಾರು 51,61,194 ರೂಪಾಯಿವರೆಗೆ. ಆ ಅಂಕಿ ಬರುವ ದಾರಿ ಸುಲಭ. ಗಡಿ ದಾಟಿದ ಕೂಡಲೇ 1,08,000 ಸರ್ಚಾರ್ಜ್ ಮೈಮೇಲೆ ಬೀಳುತ್ತದೆ. ಆಮೇಲೆ ಪ್ರತಿ ರೂಪಾಯಿಗೆ 30 ಪೈಸೆ ತೆರಿಗೆ, ಅದರ ಮೇಲೆ 3 ಪೈಸೆ ಸರ್ಚಾರ್ಜ್, ಒಟ್ಟು 33 ಪೈಸೆ. ಉಳಿಯುವುದು 67 ಪೈಸೆ. ಈ 67 ಪೈಸೆಗಳು ಒಟ್ಟುಗೂಡಿ 1,08,000 ತುಂಬುವವರೆಗೆ ರಿಲೀಫ್ ಬೇಕಾಗುತ್ತದೆ. 1,08,000ವನ್ನು 0.67ರಿಂದ ಭಾಗಿಸಿದರೆ 1,61,194.

ಅಲ್ಲಿಗೆ ರಿಲೀಫ್ ಸೊನ್ನೆಯಾಗುತ್ತದೆ, ಪೂರ್ತಿ 10% ಸರ್ಚಾರ್ಜ್ ಶುರುವಾಗುತ್ತದೆ. ಸೆಸ್ ಕೂಡ ಹಿಡಿದರೆ, ಕೈಗೆ ಬರುವ ಹಣ 50 ಲಕ್ಷದಲ್ಲಿ ಇದ್ದಷ್ಟಕ್ಕೆ ಮತ್ತೆ ಬಂದು ನಿಲ್ಲುವುದು ಸುಮಾರು 51,71,011ರಲ್ಲಿ. ಅದನ್ನು ದಾಟಿದ ಮೇಲೆ ಸಂಬಳ ಏರಿದಂತೆ ಕೈಗೂ ಜಾಸ್ತಿ ಬರುತ್ತದೆ.

ಹಳೆ ಪದ್ಧತಿಯಲ್ಲಿ 50 ಲಕ್ಷಕ್ಕೆ ತೆರಿಗೆ 13,12,500 (60 ವರ್ಷದೊಳಗಿನವರಿಗೆ). ಸರ್ಚಾರ್ಜ್ ಹೊಡೆತವೂ ದೊಡ್ಡದು, ಹಾಗಾಗಿ ರಿಲೀಫ್ 51,95,896ರವರೆಗೆ ಹೋಗುತ್ತದೆ. ಇಂಟರ್ನೆಟ್‌ನಲ್ಲಿ ಹಲವು ಕಡೆ ಕಾಣುವುದು ಈ ಅಂಕಿಯೇ. ಹೊಸ ಪದ್ಧತಿಯವರು ಅದನ್ನು ಹಿಡಿದುಕೊಂಡರೆ ಲೆಕ್ಕ ತಪ್ಪುತ್ತದೆ.

ಪ್ರ: 50 ಲಕ್ಷ ಅಂದರೆ ಯಾವ 50 ಲಕ್ಷ? ಆಫರ್ ಲೆಟರ್‌ನಲ್ಲಿ ಇರುವ ಸಿಟಿಸಿಯೇ?

ಅಲ್ಲ. ಎಲ್ಲ ಕಡಿತ ಆದ ಮೇಲೆ ಉಳಿಯುವ ಒಟ್ಟು ಆದಾಯ. ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಬೇರೆ ಆದಾಯ ಇಲ್ಲದವರ ಸಂಬಳ 50,75,000 ಇದ್ದರೂ ಸರ್ಚಾರ್ಜ್ ಇಲ್ಲ.

ಇನ್ನೊಂದು ಕಡೆ, ಲೆಕ್ಕಕ್ಕೇ ಬರುವುದಿಲ್ಲ ಅಂದುಕೊಂಡ ಹಣ ಸೇರಿಬಿಡುತ್ತದೆ. ಎಫ್‌ಡಿ ಬಡ್ಡಿ, ಉಳಿತಾಯ ಖಾತೆ ಬಡ್ಡಿ, ಬಾಡಿಗೆ, ಬೆಂಗಳೂರಿನ ಐಟಿ ಕಂಪನಿಯವರಿಗೆ ಸಿಗುವ ಆರ್‌ಎಸ್‌ಯು, ಎಲ್ಲವೂ ಸೇರುತ್ತವೆ. ಷೇರು ಮಾರಿದ ದೀರ್ಘಾವಧಿ ಲಾಭದಲ್ಲಿ ಮೊದಲ 1,25,000ಕ್ಕೆ ತೆರಿಗೆ ಇಲ್ಲ ಅಂತ ನಾವೆಲ್ಲ ನೆಮ್ಮದಿಯಾಗಿರುತ್ತೇವೆ. ತೆರಿಗೆ ಇಲ್ಲದಿದ್ದರೂ ಆ ಹಣ ಒಟ್ಟು ಆದಾಯಕ್ಕೆ ಸೇರುತ್ತದೆ. 49 ಲಕ್ಷದಲ್ಲಿ ಇದ್ದವರನ್ನು ಅದೊಂದೇ ಗಡಿ ದಾಟಿಸಬಹುದು.

ಅಡಿಕೆ, ತೆಂಗು, ಭತ್ತದಂಥ ಕೃಷಿ ಆದಾಯ ಮಾತ್ರ ಈ 50 ಲಕ್ಷಕ್ಕೆ ಸೇರುವುದಿಲ್ಲ. ಆದರೆ ದರ ನಿಗದಿಗೆ ಅದನ್ನು ಕೂಡಿಸುವುದರಿಂದ ತೆರಿಗೆ ಏರುತ್ತದೆ. ಊರಲ್ಲಿ ತೋಟ ಇರುವವರಿಗೆ ರಿಲೀಫ್ ಎಲ್ಲಿಯವರೆಗೆ ಅಂತ ಮೇಲೆ ಕೊಟ್ಟ ಅಂಕಿಗಳು ಹಾಗೇ ಹೊಂದುವುದಿಲ್ಲ.

ಪ್ರ: ನನ್ನ ಸಂಬಳ ಗಡಿಯ ಒಳಗೇ ಇದೆ. ಆಫೀಸಿನವರು ಟಿಡಿಎಸ್ ಸರಿಯಾಗಿ ಹಿಡಿದಿದ್ದಾರೆ. ಆದರೂ ರಿಟರ್ನ್ ತುಂಬುವಾಗ 80,000 ಕಟ್ಟು ಅಂತ ತೋರಿಸುತ್ತಿದೆ. ಏಕೆ?

ಬಹುಶಃ ಬಡ್ಡಿ ನಿಮ್ಮನ್ನು ಗಡಿ ದಾಟಿಸಿದೆ. ಒಂದು ಉದಾಹರಣೆಯನ್ನು ಕೊನೆಯವರೆಗೂ ನೋಡೋಣ.

ಸಂಬಳ 50,40,000. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 49,65,000. ಆಫೀಸಿಗೆ ಕಾಣುವುದು ಇಷ್ಟೇ. ಆದ್ದರಿಂದ ಅವರು ಸರ್ಚಾರ್ಜ್ ಇಲ್ಲದೆ ತೆರಿಗೆ 10,69,500, ಸೆಸ್ 42,780, ಒಟ್ಟು 11,12,280 ಹಿಡಿಯುತ್ತಾರೆ. ಇದೇ ವ್ಯಕ್ತಿಗೆ ಒಂದು ಬ್ಯಾಂಕಿನ ಎಫ್‌ಡಿಯಿಂದ 1,15,000 ಬಡ್ಡಿ ಬಂದಿದೆ. ಬ್ಯಾಂಕಿನವರು 10% ಅಂದರೆ 11,500 ಟಿಡಿಎಸ್ ಹಿಡಿದಿದ್ದಾರೆ. ಎರಡೂ ಸೇರಿ 11,23,780 ಈಗಾಗಲೇ ಸರ್ಕಾರಕ್ಕೆ ಹೋಗಿದೆ.

ಈಗ ಒಟ್ಟು ಆದಾಯ 50,80,000. ತೆರಿಗೆ 11,04,000. ಸರ್ಚಾರ್ಜ್ 1,10,400. ಸೇರಿ 12,14,400. ಮಿತಿ 10,80,000ಕ್ಕೆ 80,000 ಕೂಡಿಸಿ 11,60,000. ರಿಲೀಫ್ 54,400. ಉಳಿದ ಸರ್ಚಾರ್ಜ್ 56,000. 11,60,000ದ ಮೇಲೆ ಸೆಸ್ 46,400. ಕಟ್ಟಬೇಕಾದದ್ದು 12,06,400. ಟಿಡಿಎಸ್ ಕಳೆದರೆ ಇನ್ನೂ 82,620 ಬಾಕಿ.

ಬಡ್ಡಿ ಬಂದದ್ದು 1,15,000. ಅದರಲ್ಲಿ ತೆರಿಗೆಗೆ ಹೋದದ್ದು 94,120. ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ಲೆಕ್ಕ ಸರಿಯಾಗಿಯೇ ಇದೆ. ರಿಲೀಫ್ ಇಲ್ಲದಿದ್ದರೆ ಇನ್ನೂ 56,576 ಹೋಗುತ್ತಿತ್ತು. ಆಗ ಬಡ್ಡಿಗಿಂತ ತೆರಿಗೆಯೇ ದೊಡ್ಡದಾಗುತ್ತಿತ್ತು.

ಇದರಲ್ಲಿ ಇನ್ನೊಂದು ಪೆಟ್ಟೂ ಇದೆ. ಟಿಡಿಎಸ್ ಕಳೆದು 10,000 ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಇರುವವರು ಮುಂಗಡ ತೆರಿಗೆಯನ್ನು ಕಂತುಗಳಲ್ಲಿ ಕಟ್ಟುತ್ತಾ ಬಂದು ಮಾರ್ಚ್ 15ರೊಳಗೆ ಪೂರ್ತಿ ಮಾಡಬೇಕು. ಇಲ್ಲದಿದ್ದರೆ 234B, 234C ಕಲಂಗಳ ಬಡ್ಡಿ ಸೇರುತ್ತದೆ. ಬಡ್ಡಿ ಆದಾಯವನ್ನು ಮೊದಲೇ ಆಫೀಸಿಗೆ ತಿಳಿಸಿದರೆ ಸಂಬಳದಲ್ಲೇ ಹಿಡಿಯುತ್ತಾರೆ, ಈ ತಾಪತ್ರಯ ಇರುವುದಿಲ್ಲ.

ಪ್ರ: ಹಾಗಿದ್ದರೆ ಬೋನಸ್ ಬೇಡ ಅಂದುಬಿಡಲೇ?

ಬೇಡ. ಹೆಚ್ಚೆಂದರೆ ಕೆಲವು ಸಾವಿರ ಉಳಿಸಲು ಸಂಬಳದ ಬುನಾದಿಯನ್ನೇ ಇಳಿಸಿಕೊಳ್ಳುವುದು ಸರಿಯಲ್ಲ. ಮುಂದಿನ ವರ್ಷದ ಏರಿಕೆ ನಿಲ್ಲುವುದು ಆ ಬುನಾದಿಯ ಮೇಲೆ.

ಅದರ ಬದಲು ಆ ಹಣ ಬರುವ ದಾರಿ ಬದಲಿಸಬಹುದಾ ನೋಡಿ. ಹೊಸ ಪದ್ಧತಿಯಲ್ಲೂ ಉಳಿದಿರುವ ಒಂದು ದೊಡ್ಡ ಕಡಿತ ಎಂದರೆ ಕಂಪನಿ ನಿಮ್ಮ ಎನ್‌ಪಿಎಸ್ ಖಾತೆಗೆ ಕಟ್ಟುವ ಹಣ. ಬೇಸಿಕ್ ಮತ್ತು ಡಿಎಯ 14%ವರೆಗೆ ಕಡಿತ ಸಿಗುತ್ತದೆ. ಮೇಲಿನ ಉದಾಹರಣೆಯ ವ್ಯಕ್ತಿ 80,000 ರೂಪಾಯಿ ಸಂಬಳವನ್ನು ಕೈಗೆ ಪಡೆಯದೆ ಕಂಪನಿಯ ಮೂಲಕ ಎನ್‌ಪಿಎಸ್‌ಗೆ ಹಾಕಿಸಿದರು ಅನ್ನಿ. ಒಟ್ಟು ಆದಾಯ ಸರಿಯಾಗಿ 50 ಲಕ್ಷಕ್ಕೆ ಇಳಿಯಿತು. ತೆರಿಗೆ 12,06,400ರಿಂದ 11,23,200ಕ್ಕೆ ಬಂತು. ಉಳಿದದ್ದು 83,200. ಕೈಗೆ ಬಾರದ ಸಂಬಳ 80,000. ಅಂದರೆ ಕೈಯಲ್ಲಿ 3,200 ಜಾಸ್ತಿಯೇ ಉಳಿಯಿತು, ಜೊತೆಗೆ ಎನ್‌ಪಿಎಸ್‌ನಲ್ಲಿ 80,000 ಕೂತಿತು.

ಇಂಥ ಅನುಕೂಲ ರಿಲೀಫ್ ನಡೆಯುವ ಈ ಸಣ್ಣ ಅಂತರದಲ್ಲಿ ಮಾತ್ರ. 55 ಲಕ್ಷ ಆದಾಯದವರಿಗೆ ಅದೇ 80,000 ಕಡಿತದಿಂದ ಉಳಿಯುವುದು ಸುಮಾರು 27,456. ಹಳೆ ಪದ್ಧತಿಯಲ್ಲಿ ಇರುವವರು, ಆದಾಯ ಆ ಅಂತರದೊಳಗೆ ಇದ್ದು ಗಡಿಯನ್ನು 50,000ವಾದರೂ ದಾಟಿದ್ದರೆ, ಸ್ವಂತವಾಗಿ ಎನ್‌ಪಿಎಸ್‌ಗೆ 50,000 ಹಾಕಿದರೂ 52,000 ತೆರಿಗೆ ಇಳಿಯುತ್ತದೆ.

ಎನ್‌ಪಿಎಸ್ ಹಣ ನಿವೃತ್ತಿಗೆಂದು ಇಡುವುದು, ಬೇಕೆಂದಾಗ ತೆಗೆಯಲು ಬಾರದು. ಸಂಬಳದ ಸ್ವರೂಪವನ್ನು ವರ್ಷದ ನಡುವೆ ಬದಲಿಸಲು ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಫೆಬ್ರವರಿಯಲ್ಲಿ ಕೇಳಿದರೆ ತಡವಾಗಿರುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೇ ವರ್ಷದ ಆದಾಯ ಅಂದಾಜು ಮಾಡಿ ಎಚ್‌ಆರ್ ಜೊತೆ ಮಾತಾಡಿ.

ಪ್ರ: 1 ಕೋಟಿ, 2 ಕೋಟಿ ಗಡಿಗಳಲ್ಲೂ ಇದೇ ಲೆಕ್ಕವೇ?

ರೀತಿ ಅದೇ. ಆದರೆ ಒಂದು ಕಡೆ ಹುಷಾರಾಗಿರಬೇಕು. 1 ಕೋಟಿ ದಾಟಿದಾಗ ಸರ್ಚಾರ್ಜ್ 10%ರಿಂದ 15%ಕ್ಕೆ ಏರುತ್ತದೆ. ಆಗ ಹೋಲಿಸಬೇಕಾದದ್ದು 1 ಕೋಟಿಯ ತೆರಿಗೆ ಮತ್ತು ಅದರ 10% ಸರ್ಚಾರ್ಜ್ ಎರಡೂ ಸೇರಿದ ಮೊತ್ತದ ಜೊತೆ. ಬರೀ ತೆರಿಗೆಯ ಜೊತೆ ಅಲ್ಲ.

ಆದಾಯ 1,01,00,000 ಇದೆ ಅನ್ನಿ. ತೆರಿಗೆ 26,10,000. 15% ಸರ್ಚಾರ್ಜ್ 3,91,500. ಸೇರಿ 30,01,500. 1 ಕೋಟಿಗೆ ತೆರಿಗೆ 25,80,000, ಅದರ 10% ಸೇರಿದರೆ 28,38,000. ಅದಕ್ಕೆ ಒಂದು ಲಕ್ಷ ಕೂಡಿಸಿದರೆ ಮಿತಿ 29,38,000. ರಿಲೀಫ್ 63,500. ಸರ್ಚಾರ್ಜ್ ಬಿಟ್ಟು ಬರೀ 25,80,000ದ ಜೊತೆ ಹೋಲಿಸಿದವರಿಗೆ ರಿಲೀಫ್ 3,21,500 ಅಂತ ಬರುತ್ತದೆ. ಅದನ್ನು ನಂಬಿ ಮುಂಗಡ ತೆರಿಗೆ ಕಡಿಮೆ ಕಟ್ಟಿದರೆ ಆಮೇಲೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಪೂರ್ತಿ ಆದಾಯ ಸ್ಲ್ಯಾಬ್ ದರದ್ದೇ ಆಗಿದ್ದರೆ ಹೊಸ ಪದ್ಧತಿಯಲ್ಲಿ ರಿಲೀಫ್ ಮುಗಿಯುವ ಜಾಗಗಳು ಇವು:

| ಗಡಿ | ಸರ್ಚಾರ್ಜ್ ಏರಿಕೆ | ರಿಲೀಫ್ ಸುಮಾರು ಎಲ್ಲಿಯವರೆಗೆ |
|---|---|---|
| 50 ಲಕ್ಷ | 0ಯಿಂದ 10% | 51,61,194 |
| 1 ಕೋಟಿ | 10%ರಿಂದ 15% | 1,01,96,947 |
| 2 ಕೋಟಿ | 15%ರಿಂದ 25% | 2,08,92,800 |

ಹೊಸ ಪದ್ಧತಿಯಲ್ಲಿ 25%ರ ಮೇಲೆ ಸರ್ಚಾರ್ಜ್ ಇಲ್ಲ. ಹಳೆ ಪದ್ಧತಿಯಲ್ಲಿ 5 ಕೋಟಿ ದಾಟಿದರೆ 37%. ಅಲ್ಲೂ ರಿಲೀಫ್ ಇದೆ, ಸುಮಾರು 5,30,17,827ರವರೆಗೆ.

ಪ್ರ: ಷೇರು, ಸೈಟು ಮಾರಿದ ಲಾಭ ಇದ್ದರೆ?

ಎರಡು ವಿಷಯ ನೆನಪಿಡಿ. ಲಿಸ್ಟ್ ಆದ ಷೇರು, ಸೈಟು, ಮನೆ ಮಾರಿದ ದೀರ್ಘಾವಧಿ ಲಾಭ, ಷೇರಿನ ಅಲ್ಪಾವಧಿ ಲಾಭ (111A, 112, 112A ಕಲಂಗಳಲ್ಲಿ ಬರುವಂಥದ್ದು), ಹಾಗೆಯೇ ಡಿವಿಡೆಂಡ್, ಇವುಗಳ ತೆರಿಗೆಯ ಮೇಲೆ ಸರ್ಚಾರ್ಜ್ 15% ದಾಟುವುದಿಲ್ಲ. ಎರಡನೆಯದು, 25% ಸರ್ಚಾರ್ಜ್‌ನ 2 ಕೋಟಿ ಗಡಿಯನ್ನು ನೋಡುವಾಗ ಇವನ್ನು ಹೊರಗಿಟ್ಟು ನೋಡಬೇಕು. ಸಂಬಳ ಒಂದೂವರೆ ಕೋಟಿ, ಸೈಟು ಮಾರಿದ ಲಾಭ ಒಂದು ಕೋಟಿ ಇದ್ದರೆ ಒಟ್ಟು ಎರಡೂವರೆ ಕೋಟಿಯಾದರೂ ಸರ್ಚಾರ್ಜ್ 15% ಮಾತ್ರ.

50 ಲಕ್ಷ ಮತ್ತು 1 ಕೋಟಿ ಗಡಿಗೆ ಈ ವಿನಾಯಿತಿ ಇಲ್ಲ, ಅಲ್ಲಿ ಎಲ್ಲವೂ ಸೇರುತ್ತದೆ. ಈ ಲಾಭಗಳಿಗೆ ದರವೇ ಬೇರೆ ಇರುವುದರಿಂದ ಮೇಲಿನ ಪಟ್ಟಿಯ ಅಂಕಿಗಳು ನಿಮಗೆ ಹೊಂದುವುದಿಲ್ಲ. ಇಂಥವರು ಸ್ಪ್ರೆಡ್‌ಶೀಟ್ ನಂಬದೆ ಆದಾಯ ತೆರಿಗೆ ಪೋರ್ಟಲ್‌ನ ಯುಟಿಲಿಟಿಯಲ್ಲೇ ಅಂಕಿ ತುಂಬಿ ನೋಡುವುದು ಒಳ್ಳೆಯದು.

ಪ್ರ: ರಿಲೀಫ್‌ಗೆ ಅರ್ಜಿ ಹಾಕಬೇಕೇ? ಸಿಕ್ಕಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಅರ್ಜಿ ಬೇಕಿಲ್ಲ. ಆದಾಯ 50 ಲಕ್ಷ ದಾಟಿದವರು ಐಟಿಆರ್-1 ತುಂಬುವಂತಿಲ್ಲ. ವ್ಯಾಪಾರ, ವೃತ್ತಿಯ ಆದಾಯ ಇಲ್ಲದವರಿಗೆ ಐಟಿಆರ್-2. ಅದರ Part B-TTI ಭಾಗದಲ್ಲಿ ರಿಲೀಫ್‌ಗೆ ಮೊದಲಿನ ಸರ್ಚಾರ್ಜ್, ರಿಲೀಫ್ ನಂತರದ ಸರ್ಚಾರ್ಜ್ ಎರಡನ್ನೂ ಬೇರೆ ಬೇರೆ ತೋರಿಸುತ್ತದೆ. ಎರಡೂ ಒಂದೇ ಇದ್ದು, ನಿಮ್ಮ ಆದಾಯ ಗಡಿಯ ಸಮೀಪವೇ ಇದ್ದರೆ, ಎಲ್ಲೋ ಏನೋ ತಪ್ಪಿದೆ ಅಂತ ಅರ್ಥ.

ಇನ್ನೂ ಸುಲಭದ ಒಂದು ಪರೀಕ್ಷೆ ಇದೆ. ಸಂಬಳ, ಬಡ್ಡಿ ಮಾತ್ರ ಇದ್ದು ಆದಾಯ 50 ಲಕ್ಷ ಮತ್ತು 51,61,194ರ ನಡುವೆ ಇದ್ದರೆ, ಹೊಸ ಪದ್ಧತಿಯಲ್ಲಿ ಕಟ್ಟಬೇಕಾದ ಒಟ್ಟು ತೆರಿಗೆ 11,23,200ಕ್ಕೆ ದಾಟಿದ ಹಣದ 1.04 ಪಟ್ಟು ಕೂಡಿಸಿದಷ್ಟೇ ಇರಬೇಕು. 50,80,000ಕ್ಕೆ 11,23,200 ಮತ್ತು 83,200 ಸೇರಿ 12,06,400. ಸರಿಯಾಯಿತಲ್ವಾ?

ಆಫೀಸಿನ ಪೇರೋಲ್‌ನಲ್ಲಿ ರಿಲೀಫ್ ಕೊಡದೆ ಪೂರ್ತಿ ಸರ್ಚಾರ್ಜ್ ಹಿಡಿದಿದ್ದರೆ ಫಾರಂ 16ರಲ್ಲಿ ಸರ್ಚಾರ್ಜ್ ಸಾಲು ನೋಡಿದರೆ ಗೊತ್ತಾಗುತ್ತದೆ: ಅದು ತೆರಿಗೆಯ ಸರಿಯಾಗಿ 10% ಇರುತ್ತದೆ. ಹೆದರಬೇಡಿ, ರಿಟರ್ನ್ ತುಂಬಿದಾಗ ಜಾಸ್ತಿ ಹಿಡಿದದ್ದು ರಿಫಂಡ್ ಆಗಿ ಬರುತ್ತದೆ. ರಿಟರ್ನ್ ಸಲ್ಲಿಸಿದ ಮೇಲೆ ಬರುವ 143(1) ಸೂಚನೆಯಲ್ಲಿ ನೀವು ಕೊಟ್ಟ ಅಂಕಿ, ಇಲಾಖೆ ಹಾಕಿದ ಅಂಕಿ ಪಕ್ಕಪಕ್ಕದಲ್ಲಿ ಇರುತ್ತವೆ. ಸರ್ಚಾರ್ಜ್ ಸಾಲಿನಲ್ಲಿ ಇಲಾಖೆಯ ಅಂಕಿ ತಪ್ಪಿದ್ದರೆ ಪೋರ್ಟಲ್‌ನಲ್ಲೇ 154ನೇ ಕಲಂ ಅಡಿ ತಿದ್ದುಪಡಿ ಕೇಳಬಹುದು.

ಪ್ರ: 12 ಲಕ್ಷದ ಹತ್ತಿರ ಸಿಗುವ ಮಾರ್ಜಿನಲ್ ರಿಲೀಫ್ ಇದೇನಾ?

ಹೆಸರು ಒಂದೇ, ವಿಷಯ ಬೇರೆ. ಅದು 87A ರಿಬೇಟ್ ತಪ್ಪಿದವರಿಗೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್‌ನಿಂದ ತೆರಿಗೆ ಸೊನ್ನೆ. ಅದನ್ನು ಸ್ವಲ್ಪ ದಾಟಿದವರಿಗೆ, ಸುಮಾರು 12,70,588ರವರೆಗೆ, ದಾಟಿದಷ್ಟೇ ತೆರಿಗೆ. ಸರ್ಚಾರ್ಜ್‌ಗೂ ಅದಕ್ಕೂ ಸಂಬಂಧ ಇಲ್ಲ. ಸೆಸ್ ಮಾತ್ರ ಅಲ್ಲೂ 4% ಸೇರುತ್ತದೆ.

ಪ್ರ: ನಮ್ಮದು ಪಾಲುದಾರಿಕೆ ಅಂಗಡಿ. ನಮಗೂ ಉಂಟಾ?

ಉಂಟು. ಪಾಲುದಾರಿಕೆ ಸಂಸ್ಥೆಗೆ 30% ತೆರಿಗೆ. ಆದಾಯ 1 ಕೋಟಿ ದಾಟಿದರೆ ಸರ್ಚಾರ್ಜ್ ಸೊನ್ನೆಯಿಂದ ನೇರ 12%ಕ್ಕೆ ಹಾರುತ್ತದೆ. ಹೊಡೆತ ದೊಡ್ಡದಾದ್ದರಿಂದ ರಿಲೀಫ್ ಕೂಡ ದೂರ ಹೋಗುತ್ತದೆ, ಸುಮಾರು 1,05,42,169ರವರೆಗೆ. ಈ ಐದೂವರೆ ಲಕ್ಷದ ಅಂತರದಲ್ಲಿ ಇರುವ ಸಂಸ್ಥೆಗಳು ಮಾರ್ಚ್ 31ಕ್ಕೆ ಮೊದಲು ಒಂದು ಸಲ ಲೆಕ್ಕ ನೋಡಿಕೊಳ್ಳಬೇಕು. ಪಾಲುದಾರರ ಸಂಬಳ, ಬಡ್ಡಿಯನ್ನು ಪಾಲುದಾರಿಕೆ ಪತ್ರ ಮತ್ತು ಕಾನೂನಿನ ಮಿತಿಯೊಳಗೆ ಪೂರ್ತಿ ಖರ್ಚು ಹಾಕಿದ್ದೀರಾ ಅಂತ ನಿಮ್ಮ ಆಡಿಟರನ್ನು ಕೇಳಿ. ಅದು ಪಾಲುದಾರರ ಕೈಯಲ್ಲಿ ಅವರವರ ಸ್ಲ್ಯಾಬ್‌ನಂತೆ ತೆರಿಗೆಗೆ ಬರುತ್ತದೆ. ಸಂಸ್ಥೆಯಲ್ಲೇ ಬಿಟ್ಟರೆ ಈ ಅಂತರದಲ್ಲಿ ಪ್ರತಿ ನೂರಕ್ಕೆ 104 ಹೋಗುತ್ತದೆ.